ಓಟಿಪಿ ಹಾಕಿದ ಮೇಲೆ ಪೇಜ್ ನಿಂತರೆ ಮತ್ತೆ ದುಡ್ಡು ಕಟ್ಟಬಹುದಾ?

ಓಟಿಪಿ ಹಾಕಿ ಸಬ್ಮಿಟ್ ಒತ್ತಿದ್ದೀರಿ. ಪರದೆ ಮೇಲೆ ಚಕ್ರ ತಿರುಗುತ್ತಲೇ ಇದೆ. ಕೆಳಗೆ ಬ್ಯಾಕ್ ಒತ್ತಬೇಡಿ, ರಿಫ್ರೆಶ್ ಮಾಡಬೇಡಿ ಎಂಬ ಎಚ್ಚರಿಕೆ. ಐದು ನಿಮಿಷ ಕಳೆದರೂ ಪೇಜ್ ಅಲ್ಲಾಡುವುದಿಲ್ಲ. ದುಡ್ಡು ಹೋಯಿತಾ? ಗೊತ್ತಿಲ್ಲ. ಮತ್ತೆ ಮೊದಲಿಂದ ಕಟ್ಟಿದರೆ ಎರಡು ಸಲ ಹೋಗುತ್ತದಾ?

ಹೋಗಬಹುದು. ಆದರೆ 'ಮತ್ತೆ ಪ್ರಯತ್ನಿಸುವುದು' ಎಂದರೆ ಯಾವುದು ಎನ್ನುವುದರ ಮೇಲೆ ನಿಂತಿದೆ. ನಿಂತುಹೋದ ಬ್ಯಾಂಕ್ ಪೇಜನ್ನೇ ರಿಫ್ರೆಶ್ ಮಾಡಿದರೆ ಎರಡನೇ ಸಲ ದುಡ್ಡು ಕಡಿತವಾಗುವುದು ತೀರಾ ಅಪರೂಪ. ಕಾಲೇಜಿನದೋ ಕರೆಂಟ್ ಬಿಲ್ಲಿನದೋ ಸೈಟಿಗೆ ವಾಪಸ್ ಹೋಗಿ ಹೊಸದಾಗಿ ಕಟ್ಟಿದರೆ, ಮೊದಲ ಸಲದ ದುಡ್ಡು ಹೋಗಿದ್ದರೂ ಇನ್ನೊಮ್ಮೆ ಹೋಗುತ್ತದೆ. ಜನ ಮೊದಲನೆಯದಕ್ಕೆ ಹೆದರುತ್ತಾರೆ, ಎರಡನೆಯದನ್ನು ಸಲೀಸಾಗಿ ಮಾಡುತ್ತಾರೆ. ಇರಬೇಕಾದ್ದು ಇದಕ್ಕೆ ತಿರುಗಾಮುರುಗಾ.

ಯಾಕೆ ಎಂದು ತಿಳಿಯಲು ಪೇಜಿನ ಹಿಂದೆ ಏನು ನಡೆಯುತ್ತದೆ ಅಂತ ನೋಡಬೇಕು. ನೆಟ್ ಬ್ಯಾಂಕಿಂಗ್ ಪಾವತಿಯಲ್ಲಿ ಮೂರು ಕಡೆಯ ಸರ್ವರ್‌ಗಳಿವೆ. ಒಂದು ನೀವು ದುಡ್ಡು ಕಟ್ಟಬೇಕಾದ ಸೈಟಿನದು, ಅಂದರೆ ಕಾಲೇಜಿನದು ಎನ್ನೋಣ. ಇನ್ನೊಂದು ನಿಮ್ಮ ಬ್ಯಾಂಕಿನದು. ನಡುವೆ ಈ ಎರಡನ್ನೂ ಜೋಡಿಸಿ ಪಾವತಿ ದಾಟಿಸುವ ಪೇಮೆಂಟ್ ಗೇಟ್‌ವೇ. ಕಾಲೇಜಿನ ಸೈಟಿನಲ್ಲಿ 'ಪೇ' ಒತ್ತಿದ ಕೂಡಲೇ ಆ ಪಾವತಿಗೆ ಒಂದು ನಂಬರ್ ಹುಟ್ಟುತ್ತದೆ. ಪರದೆ ಮೇಲೆ ಅದು Order ID ಅಂತಲೋ Transaction ID ಅಂತಲೋ ಕಾಣುತ್ತದೆ. ಆ ನಂಬರ್ ಮತ್ತು ಮೊತ್ತವನ್ನು ಹೊತ್ತುಕೊಂಡು ನಿಮ್ಮ ಬ್ರೌಸರ್ ಗೇಟ್‌ವೇ ದಾಟಿ ಬ್ಯಾಂಕಿನ ಪೇಜಿಗೆ ಹೋಗುತ್ತದೆ. ಅಲ್ಲಿ ನೀವು ಲಾಗಿನ್ ಆಗುತ್ತೀರಿ, ಖಾತೆ ಆರಿಸುತ್ತೀರಿ, ಓಟಿಪಿ ಹಾಕುತ್ತೀರಿ. ಓಟಿಪಿ ಸರಿಯಿದ್ದರೆ ಬ್ಯಾಂಕ್ ಆ ಕ್ಷಣವೇ ಖಾತೆಯಿಂದ ದುಡ್ಡು ತೆಗೆಯುತ್ತದೆ. ಆಮೇಲೆ 'ಆಯಿತು' ಎಂಬ ಉತ್ತರ ಕೊಟ್ಟು ನಿಮ್ಮ ಬ್ರೌಸರನ್ನು ಬಂದ ದಾರಿಯಲ್ಲೇ ಕಾಲೇಜಿನ ಸೈಟಿಗೆ ವಾಪಸ್ ಕಳಿಸುತ್ತದೆ.

ಪೇಜ್ ನಿಲ್ಲುವುದು ಈ ಕೊನೆಯ ಭಾಗದಲ್ಲಿ. ಅದರಲ್ಲಿ ಮೂರು ಜಾಗಗಳಿವೆ. ನಿಮ್ಮ ಓಟಿಪಿ ಬ್ಯಾಂಕಿಗೆ ಮುಟ್ಟುವ ಮೊದಲೇ ನೆಟ್ ಹೋಗಿರಬಹುದು. ಆಗ ದುಡ್ಡು ಹೋಗಿಲ್ಲ. ಇಲ್ಲವೇ ಓಟಿಪಿ ಮುಟ್ಟಿ, ದುಡ್ಡು ಕಡಿತವಾಗಿ, ಬ್ಯಾಂಕಿನ ಉತ್ತರ ನಿಮ್ಮ ಫೋನಿಗೆ ಬರದೇ ಇರಬಹುದು. ಅಥವಾ ಉತ್ತರವೂ ಬಂದು, ಅಲ್ಲಿಂದ ಕಾಲೇಜಿನ ಸೈಟಿಗೆ ಹೋಗುವಾಗ ಸಿಕ್ಕಿಬಿದ್ದಿರಬಹುದು. ಈ ಎರಡರಲ್ಲೂ ದುಡ್ಡು ಹೋಗಿದೆ. ತಮಾಷೆ ಏನೆಂದರೆ ಮೂರರಲ್ಲೂ ನಿಮಗೆ ಕಾಣುವುದು ಅದೇ ತಿರುಗುವ ಚಕ್ರ. ಅಡಿಕೆ ಚೀಲ ಲಾರಿಗೆ ಹೇರಿ ಶಿರಸಿ ಮಂಡಿಗೆ ಕಳಿಸಿದ್ದೀರಿ, ಅಲ್ಲಿಂದ ಫೋನ್ ಬಂದಿಲ್ಲ ಅಂದುಕೊಳ್ಳಿ. ಲಾರಿ ದಾರಿಯಲ್ಲಿ ಕೆಟ್ಟು ನಿಂತಿದೆಯೋ, ಚೀಲ ಇಳಿದಾಗಿ ಫೋನ್ ಲೈನ್ ಸತ್ತಿದೆಯೋ, ಮನೆಯಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ನಿಂತ ಪೇಜನ್ನು ಎಷ್ಟು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಖಾತೆಯಲ್ಲೇ ನೋಡಬೇಕು.

ನಮ್ಮ ಕಡೆ ಪೇಜ್ ನಿಲ್ಲುವುದಕ್ಕೆ ಬ್ಯಾಂಕಿನ ಸರ್ವರ್ ಒಂದೇ ಕಾರಣ ಅಲ್ಲ. ಘಟ್ಟದ ಮೇಲಿನ ಮನೆಗಳಲ್ಲಿ ಒಂದು ಸಿಮ್ಮಿಗೆ ನೆಟ್ ಸಿಕ್ಕರೆ ಇನ್ನೊಂದಕ್ಕೆ ಮೆಸೇಜ್ ಬರುತ್ತದೆ. ಓಟಿಪಿಗಾಗಿ ಫೋನ್ ಹಿಡಿದು ಅಂಗಳದ ತುದಿಗೆ ಹೋಗುವಷ್ಟರಲ್ಲಿ ಒಳಗೆ ಸಿಕ್ಕಿದ್ದ ನೆಟ್ ಕೈಕೊಟ್ಟಿರುತ್ತದೆ. ಅದೇ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ಇನ್ನೊಂದು ತೊಂದರೆ. ಎರಡು ಸಿಮ್ಮಿನ ಬಹಳಷ್ಟು ಫೋನುಗಳಲ್ಲಿ ಒಂದರಲ್ಲಿ ಮಾತಾಡುವಾಗ ಮತ್ತೊಂದರ ಡೇಟಾ ನಿಲ್ಲುತ್ತದೆ. ಮೆಮೊರಿ ಕಡಿಮೆ ಇರುವ ಫೋನಾದರೆ, ಮೆಸೇಜ್ ನೋಡಲು ಹೋಗಿ ಬರುವಷ್ಟರಲ್ಲಿ ಫೋನೇ ಬ್ರೌಸರನ್ನು ಮುಚ್ಚಿರುತ್ತದೆ. ವಾಪಸ್ ಬಂದರೆ ಪೇಜ್ ಹೊಸದಾಗಿ ಲೋಡ್ ಆಗಲು ನೋಡುತ್ತದೆ, ಬ್ಯಾಂಕ್ ಒಪ್ಪುವುದಿಲ್ಲ. ಕಾರವಾರದಿಂದ ಕುಮಟಾ ಕಡೆಗೆ ರೈಲಿನಲ್ಲಿ ಕೂತು ದುಡ್ಡು ಕಟ್ಟಲು ಹೊರಟರಂತೂ ಓಟಿಪಿ ಬರುವ ಹೊತ್ತಿಗೇ ಸುರಂಗ ಬರುತ್ತದೆ.

ಈಗ ರಿಫ್ರೆಶ್ ವಿಷಯ. ಬ್ಯಾಂಕ್ ಪೇಜನ್ನು ರಿಫ್ರೆಶ್ ಮಾಡಿದರೆ ಕ್ರೋಮ್ ಸಾಮಾನ್ಯವಾಗಿ Confirm Form Resubmission ಅಂತ ಕೇಳುತ್ತದೆ. ಈಗಷ್ಟೇ ಕಳಿಸಿದ ಮಾಹಿತಿಯನ್ನೇ ಮತ್ತೆ ಕಳಿಸಲಾ ಎಂದು ಅದರ ಅರ್ಥ. ಒಪ್ಪಿದರೂ ಹೋಗುವುದು ಅದೇ ಪಾವತಿ ನಂಬರ್, ಅದೇ ಓಟಿಪಿ. ಓಟಿಪಿ ಒಮ್ಮೆ ಬಳಸಿದರೆ ಮುಗಿಯಿತು. ಆ ನಂಬರಿನ ಪಾವತಿಯೂ ಬ್ಯಾಂಕಿನ ಲೆಕ್ಕದಲ್ಲಿ ಆಗಲೇ ದಾಖಲಾಗಿರುತ್ತದೆ. ಹಾಗಾಗಿ ಬ್ಯಾಂಕ್ ಅದನ್ನು ತಳ್ಳಿಹಾಕಿ, ಸೆಷನ್ ಮುಗಿದಿದೆ ಎಂದು ಹೊರಗೆ ಹಾಕುತ್ತದೆ.

ಹಾಗಾದರೆ ರಿಫ್ರೆಶ್ ಮಾಡಬೇಡಿ ಅಂತ ಯಾಕೆ ಬರೆಯುತ್ತಾರೆ? ಎರಡು ಸಲ ದುಡ್ಡು ಹೋಗುತ್ತದೆ ಎಂಬುದಕ್ಕಿಂತ, ಸುದ್ದಿ ವಾಪಸ್ ಹೋಗುವ ದಾರಿ ಕಡಿಯುತ್ತದೆ ಎಂಬುದು ದೊಡ್ಡ ಕಾರಣ. 'ಆಯಿತು' ಎಂಬ ಉತ್ತರವನ್ನು ಕಾಲೇಜಿನ ಸೈಟಿಗೆ ಒಯ್ಯಬೇಕಾದದ್ದು ನಿಮ್ಮ ಬ್ರೌಸರ್. ನಿಧಾನವಾಗಿದ್ದ ಪೇಜ್ ಇನ್ನೇನು ಮುಂದೆ ಹೋಗಬೇಕು ಅನ್ನುವಾಗ ನೀವು ರಿಫ್ರೆಶ್ ಒತ್ತಿದರೆ ಆ ಉತ್ತರ ಅಲ್ಲೇ ಬಿದ್ದುಹೋಗುತ್ತದೆ. ಹಾಗಾಗಿ ಒಂದೈದು ನಿಮಿಷ ಸುಮ್ನೆ ಬಿಡುವುದು ಒಳ್ಳೆಯದು. ಆಮೇಲೂ ಅಲ್ಲಾಡದಿದ್ದರೆ ಮುಚ್ಚಿ. ಮುಚ್ಚುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಬ್ರೌಸರ್ ಉತ್ತರ ಒಯ್ಯದಿದ್ದರೂ ಎಲ್ಲ ಮುಗಿದುಹೋಗಲಿಲ್ಲ. ಹಿತ್ತಿಲ ಬಾಗಿಲೊಂದಿದೆ. ಗೇಟ್‌ವೇಯ ಸರ್ವರ್ ನೇರವಾಗಿ ಬ್ಯಾಂಕಿನ ಸರ್ವರಿಗೆ 'ಈ ನಂಬರಿನ ಪಾವತಿ ಏನಾಯಿತು' ಎಂದು ಕೇಳುತ್ತದೆ. ಉತ್ತರ ಸಿಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತದೆ. ಇದಕ್ಕೆ ನಿಮ್ಮ ಫೋನ್ ಬೇಕಾಗಿಲ್ಲ, ನೀವು ಎದ್ದಿರಬೇಕಾಗಿಯೂ ಇಲ್ಲ. ರಾತ್ರಿ Pending ಅಂತ ಇದ್ದದ್ದು ಬೆಳಿಗ್ಗೆ Success ಆಗುವುದು ಹೀಗೆ. ಎರಡು ಸಲ ದುಡ್ಡು ಹೋಗುವ ಕಥೆ ಹುಟ್ಟುವುದೂ ಇಲ್ಲಿಯೇ.

ನನ್ನ ಭಾವನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಶಿರಸಿ ಹತ್ತಿರದ ಹಳ್ಳಿ, ಶನಿವಾರ ರಾತ್ರಿ, ಮಳೆ. ಮಗಳ ಕಾಲೇಜಿನ ಫೀಸು 38,500 ರೂಪಾಯಿ, ಸೋಮವಾರ ಕಡೆಯ ದಿನ. ನೆಟ್ ಬ್ಯಾಂಕಿಂಗ್‌ಗೆ ಗೇಟ್‌ವೇ ಶುಲ್ಕ 15 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 2 ರೂಪಾಯಿ 70 ಪೈಸೆ. ಒಟ್ಟು 38,517.70. ಬ್ಯಾಂಕಿನ ಪೇಜಿನಲ್ಲಿ ಖಾತೆ ಆರಿಸುವಾಗ ಬ್ಯಾಲೆನ್ಸ್ 61,240.50 ಅಂತ ಕಂಡಿತ್ತು. ಓಟಿಪಿ ಹಾಕಿದರು, ಪೇಜ್ ನಿಂತಿತು. ದುಡ್ಡು ಕಡಿತವಾದ ಮೆಸೇಜ್ ಬರಲಿಲ್ಲ. ಫೋನ್ ಮಾಡಿದರು.

"ಎಂತ ಮಾಡದು ಈಗ? ಮೆಸೇಜ್ ಬಂದಿಲ್ಲ ಅಂದ್ಮೇಲೆ ದುಡ್ಡು ಹೋಗಿಲ್ಲ ಅಲ್ದಾ? ಅಕ್ಕನ ಖಾತೆಯಿಂದ ಕಟ್ಟಿಬಿಡ್ಲಾ?"

"ಮೆಸೇಜ್ ನಂಬಬೇಡಿ ಭಾವ. ಬ್ಯಾಲೆನ್ಸ್ ಎಷ್ಟಿದೆ ನೋಡಿ ಹೇಳಿ."

ಮೆಸೇಜ್ ಬಂದರೆ ದುಡ್ಡು ಹೋಗಿದೆ ಎನ್ನಬಹುದು. ಬರದಿದ್ದರೆ ಹೋಗಿಲ್ಲ ಎನ್ನುವಂತಿಲ್ಲ. ಅದು ಬೇರೆಯೇ ದಾರಿಯಲ್ಲಿ ಬರುವ ಸುದ್ದಿ, ಸಿಗ್ನಲ್ ಇಲ್ಲದ ಕಡೆ ಗಂಟೆಗಟ್ಟಲೆ ತಡವಾಗುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಸ್ಟೇಟ್‌ಮೆಂಟ್ ನೋಡುವುದು ಸರಿಯಾದ ದಾರಿ. ಆ್ಯಪ್ ತೆರೆಯದಿದ್ದರೆ ಬ್ಯಾಂಕಿನ ಮಿಸ್ಡ್ ಕಾಲ್ ಸೇವೆ ಇದೆ. ಯುಪಿಐ ಪಿನ್ ಇದ್ದವರು ನೆಟ್ ಇಲ್ಲದೆಯೂ ಖಾತೆಗೆ ಜೋಡಿಸಿದ ಸಿಮ್ಮಿನಿಂದ *99# ಒತ್ತಿ ಬ್ಯಾಲೆನ್ಸ್ ನೋಡಬಹುದು. ನೆಟ್ ಬ್ಯಾಂಕಿಂಗ್‌ಗೇ ಮತ್ತೆ ಲಾಗಿನ್ ಆಗಲು ಹೋದರೆ ಹಳೆಯ ಸೆಷನ್ ಇನ್ನೂ ತೆರೆದಿದೆ ಅಂತ ಬ್ಯಾಂಕ್ ತಡೆಯಬಹುದು. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಬಿಡುತ್ತದೆ.

ಭಾವನ ಬ್ಯಾಲೆನ್ಸ್ 22,722.80 ಇತ್ತು. 61,240.50ರಿಂದ ಕಳೆದು ನೋಡಿ, 38,517.70. ಪೈಸೆಗೆ ಪೈಸೆ ಸರಿ. ಆ 17 ರೂಪಾಯಿ 70 ಪೈಸೆ ಇಲ್ಲಿ ಉಪಕಾರ ಮಾಡಿತು. ಬರೀ 38,500 ಆಗಿದ್ದರೆ ಬೇರೇನಾದರೂ ಹೋಗಿರಬಹುದಾ ಎಂಬ ಅನುಮಾನಕ್ಕೆ ಜಾಗ ಇರುತ್ತಿತ್ತು. ಸ್ಟೇಟ್‌ಮೆಂಟ್‌ನ ಕೊನೆಯ ಸಾಲಿನಲ್ಲಿ ಅದೇ ಮೊತ್ತ, ಪಕ್ಕದಲ್ಲಿ ಉದ್ದನೆಯ ರೆಫರೆನ್ಸ್ ನಂಬರ್. ಕಾಲೇಜಿನ ಸೈಟಿನಲ್ಲಿ ಮಾತ್ರ Pending. ಅಂದರೆ ಓಟಿಪಿ ಬ್ಯಾಂಕಿಗೆ ಮುಟ್ಟಿದೆ, ದುಡ್ಡು ಹೊರಟಿದೆ, ಸುದ್ದಿ ಮಾತ್ರ ತಲುಪಿಲ್ಲ. ಕಟ್ಟಬೇಡಿ, ಮಲಗಿ ಎಂದೆ. ಮರುದಿನ ಬೆಳಿಗ್ಗೆ ಸೈಟಿನಲ್ಲಿ Success ಬಂತು, ರಸೀದಿಯೂ ಸಿಕ್ಕಿತು.

ಅವರು ಅಂದೇ ರಾತ್ರಿ ಅಕ್ಕನ ಖಾತೆಯಿಂದ ಕಟ್ಟಿದ್ದರೆ ಏನಾಗುತ್ತಿತ್ತು? ಕಾಲೇಜಿನ ಸೈಟ್ ಹೊಸ Order ID ಕೊಡುತ್ತಿತ್ತು. ಹೊಸ ನಂಬರ್ ಎಂದರೆ ಎಲ್ಲರ ಲೆಕ್ಕದಲ್ಲೂ ಹೊಸ ಪಾವತಿ. ಅದೇ ಖಾತೆಯಿಂದ ಕಟ್ಟಿದ್ದರೂ ಬ್ಯಾಂಕ್ ತಡೆಯುತ್ತಿರಲಿಲ್ಲ. ಒಂದೇ ಕಾಲೇಜಿಗೆ ಒಂದೇ ಮೊತ್ತ ಎರಡು ಸಲ ಹೋದರೆ ತಪ್ಪು ಅಂತ ಬ್ಯಾಂಕ್ ಹೇಗೆ ಹೇಳೀತು? ಇಬ್ಬರು ಮಕ್ಕಳ ಫೀಸು ಇರಬಹುದಲ್ವಾ. ಕೆಲವು ಸೈಟುಗಳು ಹಿಂದಿನ ಪಾವತಿ ಬಾಕಿ ಇದೆ, ಸ್ವಲ್ಪ ಹೊತ್ತು ಕಾಯಿರಿ ಅಂತ ಹೇಳುತ್ತವೆ. ಎಲ್ಲವೂ ಹೇಳುವುದಿಲ್ಲ. ರಾತ್ರಿಯೇ ಎರಡನೆಯದು Success, ಬೆಳಿಗ್ಗೆ ಮೊದಲನೆಯದೂ Success. ಕೈಯಲ್ಲಿ ಎರಡು ರಸೀದಿ.

ಜನ ಗಮನಿಸದ ವ್ಯತ್ಯಾಸ ಇಲ್ಲಿದೆ. ಒಂದೇ ಸಲ ಕಟ್ಟಿ, ದುಡ್ಡು ಹೋಗಿ, ಕಾಲೇಜಿಗೆ ಮುಟ್ಟದಿದ್ದರೆ ಅದು ವಿಫಲ ಪಾವತಿ. ಅದಕ್ಕೆ ಯಾರೂ ಹಕ್ಕುದಾರರಿಲ್ಲ. ಬ್ಯಾಂಕ್ ಮತ್ತು ಗೇಟ್‌ವೇ ತಮ್ಮ ಲೆಕ್ಕ ತಾಳೆ ನೋಡುವಾಗ ಅದು ಎದ್ದು ಕಾಣುತ್ತದೆ, ನಿಮ್ಮ ಖಾತೆಗೆ ವಾಪಸ್ ಬರುತ್ತದೆ. ಎರಡು ಸಲ ಕಟ್ಟಿ ಎರಡೂ ಮುಟ್ಟಿದರೆ ಯಾರ ಲೆಕ್ಕದಲ್ಲೂ ತಪ್ಪಿಲ್ಲ. ಬ್ಯಾಂಕ್ ನಮ್ಮ ಕಡೆ ಸರಿಯಾಗಿದೆ ಎನ್ನುತ್ತದೆ, ಅದು ನಿಜ. ಗೇಟ್‌ವೇಯೂ ಹಾಗೇ ಹೇಳುತ್ತದೆ. ತಾನಾಗಿ ವಾಪಸ್ ಬರುವ ದುಡ್ಡು ಅದಲ್ಲ. ಕಾಲೇಜಿನ ಆಫೀಸಿಗೆ ಅರ್ಜಿ ಬರೆಯಬೇಕು, ಅಕೌಂಟ್ಸ್‌ನವರು ಒಪ್ಪಬೇಕು. ಮುಂದಿನ ವರ್ಷದ ಫೀಸಿಗೆ ಹೊಂದಿಸುತ್ತೇವೆ ಎಂದರೆ ಅದಕ್ಕೂ ತಲೆಯಾಡಿಸಬೇಕಾಗಬಹುದು. ಅವಸರದ ಎರಡನೇ ಪಾವತಿ ಮಾಡುವ ನಿಜವಾದ ಹಾನಿ ಇದು. ತಾನೇ ಬಗೆಹರಿಯುತ್ತಿದ್ದ ವಿಷಯವನ್ನು ನಾವು ಬೆನ್ನುಹತ್ತಬೇಕಾದ ವಿಷಯ ಮಾಡಿಕೊಳ್ಳುತ್ತೇವೆ.

ಎಲ್ಲ ಕಡೆ ಹಾನಿ ಒಂದೇ ತೂಕದ್ದಲ್ಲ. ಕರೆಂಟ್ ಬಿಲ್ ಎರಡು ಸಲ ಕಟ್ಟಿದರೆ ಜಾಸ್ತಿಯಾದದ್ದು ನಿಮ್ಮ ಆರ್‌ಆರ್ ನಂಬರಿನಲ್ಲಿ ಜಮೆಯಾಗಿ ಮುಂದಿನ ಬಿಲ್ಲಿನಲ್ಲಿ ಕಳೆಯುತ್ತದೆ. ಐನೂರು ರೂಪಾಯಿ ಬಿಲ್ಲಿಗೆ ನಿದ್ದೆಗೆಡುವುದು ಬೇಡ. ಟಿಕೆಟ್ ಬುಕಿಂಗ್‌ನಲ್ಲಿ ತಡವಾಗಿ ಬಂದ ಪಾವತಿಗೆ ಸೀಟು ಉಳಿದಿರುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ರಿಫಂಡ್ ಆಗುತ್ತದೆ. ಫೀಸು, ಠೇವಣಿ, ದೊಡ್ಡ ಮೊತ್ತದ ಖರೀದಿ ಇವುಗಳಲ್ಲಿ ಮಾತ್ರ ಕೈ ತಡೆಯಬೇಕು.

ಇನ್ನು ಬ್ಯಾಲೆನ್ಸ್ ಮುಂಚಿನಷ್ಟೇ ಇದ್ದರೆ? ಪೇಜ್ ನಿಂತ ಎರಡೇ ನಿಮಿಷಕ್ಕೆ ನೋಡಿ ನಿರ್ಧರಿಸಬೇಡಿ. ಓಟಿಪಿಗೆ ಆಯುಷ್ಯ ಕೆಲವೇ ನಿಮಿಷ, ಎಷ್ಟು ಅಂತ ಮೆಸೇಜಿನಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ. ಓಟಿಪಿ ಇಲ್ಲದೆ ಆ ಪಾವತಿ ಮುಂದೆ ಹೋಗುವಂತಿಲ್ಲ. ಅದರ ಅವಧಿ ಮುಗಿದ ಮೇಲೂ ಬ್ಯಾಲೆನ್ಸ್ ಹಾಗೇ ಇದ್ದು, ಸ್ಟೇಟ್‌ಮೆಂಟ್‌ನಲ್ಲಿ ಆ ಸಾಲು ಇಲ್ಲದಿದ್ದರೆ ಓಟಿಪಿ ಬ್ಯಾಂಕಿಗೆ ಮುಟ್ಟಲೇ ಇಲ್ಲ ಎಂದು ತಿಳಿಯಬಹುದು. ನನ್ನ ಲೆಕ್ಕದಲ್ಲಿ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ, ಆಗಲೂ ಹೋಗಿಲ್ಲ ಎಂದರೆ ಧೈರ್ಯವಾಗಿ ಹೊಸದಾಗಿ ಕಟ್ಟಿ. ಬ್ಯಾಂಕಿನ ಆ್ಯಪೂ ತೆರೆಯುತ್ತಿಲ್ಲ, ಬ್ಯಾಲೆನ್ಸ್ ನೋಡಲು ಯಾವ ದಾರಿಯೂ ಇಲ್ಲ ಎಂದರೆ ಬ್ಯಾಂಕಿನ ಸರ್ವರೇ ಮಲಗಿರಬಹುದು. ಅಂಥ ಹೊತ್ತಿನಲ್ಲಿ ಕಟ್ಟಿದ ಎರಡನೆಯದೂ ಅಲ್ಲೇ ನಿಂತರೆ ಒಂದರ ಬದಲು ಎರಡು ತಲೆನೋವು.

ಇವತ್ತೇ ಕಡೆಯ ದಿನ, ದುಡ್ಡು ಹೋಗಿದೆ, ಸೈಟಿನಲ್ಲಿ Pending. ಇದು ನಿಜಕ್ಕೂ ಇಕ್ಕಟ್ಟು. ಆಗಲೂ ನಾನು ಕಾಯುವುದನ್ನೇ ಹೇಳುತ್ತೇನೆ. ಕಾಲೇಜಿಗೆ ಅಂದೇ ಮೇಲ್ ಹಾಕಿ, ಸ್ಟೇಟ್‌ಮೆಂಟ್‌ನ ಆ ಸಾಲನ್ನು ಜೊತೆಗಿಡಿ. ದುಡ್ಡು ಯಾವ ದಿನ ಹೋಯಿತು ಎಂಬುದಕ್ಕೆ ಅದೇ ಸಾಕ್ಷಿ. ಲೇಟ್ ಫೀ ಬಿದ್ದರೂ ನೂರಿನ್ನೂರರ ಮಾತಾದರೆ, 38 ಸಾವಿರಕ್ಕೆ ಆಫೀಸು ಅಲೆಯುವುದಕ್ಕಿಂತ ಅಗ್ಗ. ಸೀಟೇ ಕೈತಪ್ಪುವ ಹಾಗಿದ್ದರೆ ಕಟ್ಟಿ, ಆದರೆ ಎರಡು ಸಲ ಹೋಗಬಹುದು, ಒಂದನ್ನು ಕೇಳಿ ಪಡೆಯಬೇಕಾದೀತು ಎಂದು ಗೊತ್ತಿದ್ದೇ ಕಟ್ಟಿ.

ದುಡ್ಡು ವಾಪಸ್ ಬರಲು ಯಾಕೆ ದಿನಗಟ್ಟಲೆ ಬೇಕು ಎಂದು ಹಲವರು ಕೇಳುತ್ತಾರೆ. ನಿಮ್ಮ ಖಾತೆಯಿಂದ ಹೋದ ದುಡ್ಡು ಆ ಕ್ಷಣ ಕಾಲೇಜಿನ ಖಾತೆಗೆ ಹೋಗಿ ಬಿದ್ದಿರುವುದಿಲ್ಲ. ಬ್ಯಾಂಕ್ ದಿನದ ಪಾವತಿಗಳನ್ನೆಲ್ಲ ಒಟ್ಟುಮಾಡಿ ಗೇಟ್‌ವೇಗೆ ಕೊಡುತ್ತದೆ, ಗೇಟ್‌ವೇ ಅದನ್ನು ಎಸ್ಕ್ರೋ ಎಂಬ ಪ್ರತ್ಯೇಕ ಖಾತೆಯಲ್ಲಿಟ್ಟು ಕಾಲೇಜಿಗೆ ದಾಟಿಸುತ್ತದೆ. ಎರಡೂ ಕಡೆಯ ಪಟ್ಟಿ ತಾಳೆಯಾಗದ ಸಾಲುಗಳು ಸಿಗುವುದು ಈ ಹೊತ್ತಿನಲ್ಲಿ. ನಡುವೆ ಎರಡನೇ ಅಥವಾ ನಾಲ್ಕನೇ ಶನಿವಾರ, ಭಾನುವಾರ ಬಂದರೆ ಇನ್ನೂ ತಡ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಇದಕ್ಕೊಂದು ಸುತ್ತೋಲೆ ಹೊರಡಿಸಿದೆ. ವಿಫಲ ಪಾವತಿ ಎಂದರೇನು ಎಂದು ಹೇಳುವಾಗ, ಗ್ರಾಹಕರ ತಪ್ಪಿಲ್ಲದೆ ಸಂಪರ್ಕ ಕಡಿದು ಅಥವಾ ಸೆಷನ್ ಅವಧಿ ಮುಗಿದು ಪೂರ್ಣವಾಗದ ಪಾವತಿಗಳನ್ನೂ ಸೇರಿಸಿದೆ. ಆನ್‌ಲೈನಿನಲ್ಲಿ ಕಾರ್ಡ್ ಬಳಸಿದಾಗ ಅಥವಾ ಯುಪಿಐಯಲ್ಲಿ ವ್ಯಾಪಾರಿಗೆ ಕಟ್ಟಿದಾಗ ದುಡ್ಡು ಹೋಗಿ ಅತ್ತ ಖಚಿತವಾಗದಿದ್ದರೆ, ಪಾವತಿಯ ದಿನದ ನಂತರ 5 ದಿನದೊಳಗೆ ವಾಪಸ್ ಹಾಕಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ಕೇಳದೆಯೇ. ಒಂದು ಮಾತು ಗಮನದಲ್ಲಿರಲಿ. ಆ ಪಟ್ಟಿಯಲ್ಲಿ ಕಾರ್ಡ್, ಐಎಂಪಿಎಸ್, ಯುಪಿಐ ಹೀಗೆ ಸಾಲುಗಳಿವೆ, ಸೈಟುಗಳಲ್ಲಿ ಬಳಸುವ ನೆಟ್ ಬ್ಯಾಂಕಿಂಗ್ ಬಟನ್‌ಗೆ ಅಂತ ಬೇರೆ ಸಾಲು ಇಲ್ಲ. ಹಾಗಾಗಿ 100 ರೂಪಾಯಿ ಕೊಡಿ ಎಂದು ಜಗಳಕ್ಕೆ ನಿಲ್ಲುವುದಕ್ಕಿಂತ, ಆ 5 ದಿನವನ್ನು ದೂರು ಕೊಡುವ ಗಡುವು ಅಂತ ಇಟ್ಟುಕೊಳ್ಳುವುದು ಜಾಣತನ. ನೆನಪಿರಲಿ, ಇದೆಲ್ಲ ವಿಫಲ ಪಾವತಿಗೆ. ಎರಡು ಸಲ ಯಶಸ್ವಿಯಾಗಿ ಕಟ್ಟಿದವರಿಗೆ ಈ ಸುತ್ತೋಲೆಯಿಂದ ಏನೂ ಸಿಗುವುದಿಲ್ಲ.

ದೂರನ್ನು ಬ್ಯಾಂಕಿಗೆ ಬರಹದಲ್ಲೇ ಕೊಡಿ, ಕಾಲೇಜಿಗೂ ಒಂದು ಪ್ರತಿ ಕಳಿಸಿ. ಬ್ಯಾಂಕ್ ತಳ್ಳಿಹಾಕಿದರೆ ಅಥವಾ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು, ಅದಕ್ಕೆ ದುಡ್ಡಿಲ್ಲ. ಕಸ್ಟಮರ್ ಕೇರ್ ನಂಬರನ್ನು ಮಾತ್ರ ಗೂಗಲ್‌ನಲ್ಲಿ ಹುಡುಕಬೇಡಿ. ಮೋಸಗಾರರು ತಮ್ಮ ನಂಬರ್ ಹಾಕಿ ಕಾಯುತ್ತಿರುತ್ತಾರೆ. ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಹಿಂದೆಯೋ ಇರುವ ನಂಬರಿಗೇ ಫೋನ್ ಮಾಡಿ. ದುಡ್ಡು ವಾಪಸ್ ಹಾಕಲು ಓಟಿಪಿ ಹೇಳಿ ಎಂದವನು ಬ್ಯಾಂಕಿನವನಲ್ಲ.

ದೂರಿನಲ್ಲಿ ಕಥೆ ಉದ್ದ ಬರೆದಷ್ಟೂ ಕೆಲಸ ನಿಧಾನ. ಭಾವನ ದುಡ್ಡು ಒಂದು ವೇಳೆ ಸಿಕ್ಕಿಬಿದ್ದಿದ್ದರೆ ಇಷ್ಟೇ ಸಾಕಾಗುತ್ತಿತ್ತು: "ಇಂಥ ದಿನ ರಾತ್ರಿ ಇಷ್ಟು ಗಂಟೆಗೆ ನನ್ನ ಖಾತೆಯಿಂದ 38,517.70 ರೂಪಾಯಿ ಕಡಿತವಾಗಿದೆ. ಬ್ಯಾಂಕ್ ರೆಫರೆನ್ಸ್ ನಂಬರ್ ಇದು, ಕಾಲೇಜಿನ ಸೈಟಿನ Order ID ಇದು. ಸೈಟಿನಲ್ಲಿ ಪಾವತಿ ಇನ್ನೂ Pending ಎಂದೇ ಇದೆ. ಈ ಫೀಸನ್ನು ನಾನು ಬೇರೆ ಯಾವ ಖಾತೆಯಿಂದಲೂ ಕಟ್ಟಿಲ್ಲ. ಕಾಲೇಜಿಗೆ ಜಮೆ ಮಾಡಿಸಿ, ಇಲ್ಲವೇ ನನ್ನ ಖಾತೆಗೆ ವಾಪಸ್ ಹಾಕಿ."